‘ಸರಿ.’ ಎಂದರೆ ಸರಿ ಎಂದೇ ಅರ್ಥ

ಶಿರಸಿ ಸೀಮೆಯ ಮನೆಗಳಲ್ಲಿ ಬಂದವರನ್ನು ಆಸರಿಗೆ, ಅಂದರೆ ಕುಡಿಯಲು, ಏನು ಬೇಕೆಂದು ಕೇಳಿದಾಗ ‘ಎಂತದೂ ಬೇಡ’ ಎಂಬ ಉತ್ತರ ಬಂದರೂ ಒಳಗಿನಿಂದ ಮಜ್ಜಿಗೆ ಬರುತ್ತದೆ, ಬೇಡವೆಂದವರು ಅದನ್ನು ಕುಡಿಯುತ್ತಾರೆ. ಆ ‘ಬೇಡ’ವನ್ನು ಇದ್ದಹಾಗೆಯೇ ನಂಬಿ ಸುಮ್ಮನೆ ಕೂತವನು ಒರಟನೆನಿಸಿಕೊಳ್ಳುತ್ತಾನೆ. ಆಟಿಸಂ ಇರುವ ಹಲವರಿಗೆ ಇದು ಪರಿಚಿತ ಪಾಡು. ಮುಖವೂ ದನಿಯೂ ಇಲ್ಲದ ಮೊಬೈಲ್ ಸಂದೇಶದಲ್ಲಿ ಅದು ಇನ್ನೂ ಬಿಗಡಾಯಿಸುತ್ತದೆ.

ಶಿರಸಿಯಲ್ಲಿ ಲೆಕ್ಕ ಬರೆಯುವ ಅಂಥ ಯುವಕನೊಬ್ಬನಿಗೆ ಡೇಟಿಂಗ್ ಆ್ಯಪ್‌ನಲ್ಲಿ ಕಾರವಾರದ ಯುವತಿಯೊಬ್ಬಳು ಮ್ಯಾಚ್ ಆಗಿದ್ದಾಳೆ ಎಂದುಕೊಳ್ಳೋಣ. ‘ಭಾನುವಾರ ಶಿರಸಿಗೆ ಬರುವುದಿದೆ’ ಎಂದು ಅವಳು ಬರೆಯುತ್ತಾಳೆ. ಅವನು ‘ಸರಿ.’ ಎನ್ನುತ್ತಾನೆ. ಅವಳ ಮಟ್ಟಿಗೆ ಅದು ಭೇಟಿಯ ಆಹ್ವಾನ, ಅವನ ಮಟ್ಟಿಗೆ ಬರಿಯ ಮಾಹಿತಿ. ಆ ಪೂರ್ಣವಿರಾಮವೂ ತನ್ನ ಪಾಲಿನ ಕೆಡುಕು ಮಾಡಿರುತ್ತದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 126 ವಿದ್ಯಾರ್ಥಿಗಳಿಗೆ ಚುಟುಕು ಉತ್ತರಗಳನ್ನು ತೋರಿಸಿದಾಗ, ಕೊನೆಗೆ ಚುಕ್ಕೆಯಿದ್ದ ಮೊಬೈಲ್ ಸಂದೇಶಗಳು ಅವರಿಗೆ ಕಡಿಮೆ ಪ್ರಾಮಾಣಿಕವೆನಿಸಿದವು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಅದು ಇಂಗ್ಲಿಷ್ ಸಂದೇಶಗಳ ಮೇಲಿನ ಪ್ರಯೋಗವಾದರೂ, ವ್ಯಾಕರಣಕ್ಕಾಗಿ ಇಟ್ಟ ಚಿಹ್ನೆ ಓದುವವರಿಗೆ ಮುನಿಸಾಗಿ ಕಾಣಬಹುದೆಂಬುದಕ್ಕೆ ಒಳ್ಳೆಯ ನಿದರ್ಶನ.

ತಪ್ಪು ಯಾರದು? ತಾವೇ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಿಚಾರದಂತೆ, ಇಂಥ ಕಡೆ ಒಬ್ಬರನ್ನೊಬ್ಬರು ಅರಿಯದಿರುವುದು ಆಟಿಸಂ ಇರುವವರು, ಇಲ್ಲದವರು ಎಂಬ ಎರಡೂ ಬದಿಯಲ್ಲಿರುತ್ತದೆ. ಹಾಗಾದರೆ ಆ ಯುವಕ ಅವಳಿಗೆ ಕೊಡುವ ವಿವರಣೆ ಕ್ಷಮೆಯಾಚನೆಯ ಧಾಟಿಯಲ್ಲಿರಬೇಕಿಲ್ಲ. ‘ನನಗೆ ಆಟಿಸಂ ಇದೆ’ ಎಂದಷ್ಟೇ ಬರೆದರೂ ಸಾಲದು, ಏಕೆಂದರೆ ಆ ಪದ ಕೇಳಿದವರು ತಮಗೆ ತಿಳಿದ ಯಾವುದೋ ಚಿತ್ರವನ್ನು ಅವನ ಮೇಲೆ ಹೊರಿಸುತ್ತಾರೆಯೇ ಹೊರತು ‘ಸರಿ.’ ಎಂಬುದನ್ನು ಹೇಗೆ ಓದಬೇಕೆಂದು ಅದರಿಂದ ತಿಳಿಯುವುದಿಲ್ಲ. ಆ ಹೆಸರನ್ನು ಮೊದಲ ವಾರದಲ್ಲೇ ಹೇಳಬೇಕೆಂಬ ಕಡ್ಡಾಯವೂ ಇಲ್ಲ. ಹೇಳಬೇಕಾದದ್ದು ಆಗಷ್ಟೇ ನಡೆದ ಒಂದು ಉದಾಹರಣೆಯನ್ನು:

‘ನಾನು ಬರೆದದ್ದಕ್ಕೆ ಬರೆದಷ್ಟೇ ಅರ್ಥ. ನಿನ್ನೆಯ “ಸರಿ.”ಯಲ್ಲಿ ಬೇಸರವಿರಲಿಲ್ಲ, ಚುಕ್ಕೆ ಇಡುವುದು ನನ್ನ ರೂಢಿ. ಸೂಚನೆಯ ಮಾತು ನನಗೆ ಹೊಳೆಯುವುದಿಲ್ಲ. ಭೇಟಿಯಾಗೋಣವೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನುತ್ತೇನೆ. ನಿಮಗೆ ಯಾವ ರೀತಿ ಬರೆದರೆ ಅನುಕೂಲ?’

ಕೊನೆಯ ಪ್ರಶ್ನೆಯನ್ನು ಬಿಟ್ಟರೆ ಇದು ನಿಯಮಾವಳಿಯಾಗುತ್ತದೆ. ಅವಳು ‘ಒಂದು ಇಮೋಜಿಯಾದರೂ ಇರಲಿ’ ಎಂದರೆ ಅದನ್ನು ಸೇರಿಸುವುದು ಅವನಿಗೆ ದೊಡ್ಡ ಹೊರೆಯಲ್ಲ. ನೇರವಾಗಿ ಬರೆಯುವ ರೂಢಿಯು ಅವಳ ರೂಪದ ಬಗ್ಗೆ ಕೇಳದ ಅಭಿಪ್ರಾಯ ಕೊಡಲು ಪರವಾನಗಿಯೂ ಅಲ್ಲ. ಈ ಗೆರೆಯನ್ನು ಮರೆಯುವವರನ್ನು ನಾನು ಕಂಡಿದ್ದೇನೆ.

ವಿವರಣೆ ತಲುಪಿತೋ ಇಲ್ಲವೋ ಎಂಬುದು ‘ಪರವಾಗಿಲ್ಲ’ ಎಂಬ ಉತ್ತರದಿಂದ ತಿಳಿಯದು. ಅದೂ ಮಜ್ಜಿಗೆಯ ‘ಬೇಡ’ದ ಜಾತಿಯದೇ ಆಗಿರಬಹುದು. ಮುಂದಿನ ವಾರ ಅವಳು ‘ಭಾನುವಾರ ಹನ್ನೊಂದಕ್ಕೆ ಮಾರಿಕಾಂಬಾ ದೇವಸ್ಥಾನದ ಎದುರು ಸಿಗುತ್ತೀರಾ?’ ಎಂದು ಬರೆದರೆ ತಲುಪಿದೆ.