ರೂಪಾಯಿ ಬಿತ್ತೋ, ಬೀಳಿಸಿದರೋ?

ಡಾಲರ್ ಬೆಲೆ ಏರಿದಾಗಲೆಲ್ಲ "ಸರ್ಕಾರ ರೂಪಾಯಿಯನ್ನು ಅಪಮೌಲ್ಯ ಮಾಡಿತು" ಎಂದು ಬರೆಯುವವರಿದ್ದಾರೆ. ಇದು ತಪ್ಪು. ಅಪಮೌಲ್ಯ ಅಂದರೆ ಡಿವ್ಯಾಲ್ಯುಯೇಷನ್. ಅದಕ್ಕೆ ಮೊದಲು ಸರ್ಕಾರವೇ ನಿಗದಿ ಮಾಡಿದ ದರ ಇರಬೇಕು. ಆಮೇಲೆ ಆ ದರವನ್ನು ಇಳಿಸುವ ಆದೇಶ ಬರಬೇಕು.

1966ರ ಜೂನ್ 6ನ್ನೇ ನೋಡಿ. ಅಲ್ಲಿಯವರೆಗೆ ಒಂದು ಡಾಲರ್‌ಗೆ 4.76 ರೂಪಾಯಿ ಎಂಬ ದರ ಇತ್ತು. ಯುದ್ಧ, ಬರಗಾಲ, ವಿದೇಶಿ ವಿನಿಮಯದ ಕೊರತೆ, ನೆರವು ಕೊಡುವವರ ಒತ್ತಡ ಎಲ್ಲ ಸೇರಿ ಇಂದಿರಾ ಗಾಂಧಿ ಸರ್ಕಾರ ಅದನ್ನು ಒಂದೇ ಏಟಿಗೆ 7.50ಕ್ಕೆ ಬದಲಾಯಿಸಿತು. ವಿದೇಶದಿಂದ ಸಾವಿರ ಡಾಲರ್‌ನ ಯಂತ್ರ ತರಿಸುವವನಿಗೆ ಮೊದಲು 4,760 ರೂಪಾಯಿ ಸಾಕಿತ್ತು. ಈಗ 7,500 ಬೇಕಾಯಿತು. ಯಂತ್ರ ಅದೇ, ಅದರ ಡಾಲರ್ ಬೆಲೆಯೂ ಅದೇ.

ಇಲ್ಲಿ ಬಹಳ ಜನ ಎಡವುವ ಒಂದು ಲೆಕ್ಕ ಇದೆ. ಡಾಲರ್ ತುಟ್ಟಿಯಾದದ್ದು ಶೇ 57.5ರಷ್ಟು. ಹಾಗಂತ ರೂಪಾಯಿಯೂ ಅಷ್ಟೇ ಬಿತ್ತು ಎನ್ನುವ ಹಾಗಿಲ್ಲ. ಮೊದಲು ಒಂದು ರೂಪಾಯಿಗೆ ಸುಮಾರು 21 ಸೆಂಟ್ ಸಿಗುತ್ತಿತ್ತು, ಆಮೇಲೆ 13.3 ಸೆಂಟ್. ಅಂದರೆ ಇಳಿದದ್ದು ಶೇ 36.5. ಎರಡೂ ಅಂಕಿ ಸರಿಯೇ, ಯಾವ ಕಡೆಯಿಂದ ಅಳೆಯುತ್ತೀರಿ ಎಂಬುದಷ್ಟೇ ಬೇರೆ.

ಈಗ 2013ಕ್ಕೆ ಬನ್ನಿ. ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಬಾಂಡ್ ಖರೀದಿಯನ್ನು ಕಡಿಮೆ ಮಾಡುವ ಮಾತೆತ್ತಿತು. ಹೂಡಿಕೆದಾರರು ಭಾರತದಿಂದ ದುಡ್ಡು ವಾಪಸ್ ತೆಗೆದರು. ಎಲ್ಲರಿಗೂ ಡಾಲರ್ ಬೇಕಾಯಿತು. ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಇದಕ್ಕೆ ಯಾರೂ ಆದೇಶ ಹೊರಡಿಸಿರಲಿಲ್ಲ. ಇದು ಮೌಲ್ಯ ಕುಸಿತ, ಅಂದರೆ ಡಿಪ್ರಿಸಿಯೇಷನ್. 1993ರಲ್ಲಿ ರೂಪಾಯಿಯ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ನಮ್ಮಲ್ಲಿ ಆಗುತ್ತಿರುವುದು ಇದೇ. ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಕುಸಿತದ ವೇಗ ತಗ್ಗಿಸುತ್ತದೆ, ನಿಜ. ಆದರೆ ದರ ಇಷ್ಟೇ ಎಂದು ಘೋಷಿಸುವುದಿಲ್ಲ.

ಮೇಲೆ ಹೋಗುವಾಗಲೂ ಇದೇ ವ್ಯತ್ಯಾಸ. ಮಾರುಕಟ್ಟೆಯಲ್ಲಿ ತಾನಾಗಿ ಏರಿದರೆ ಅಪ್ರಿಸಿಯೇಷನ್. 2007ರಲ್ಲಿ ವಿದೇಶಿ ಹಣ ಹರಿದುಬಂದು ಡಾಲರ್ 44ರ ಆಸುಪಾಸಿನಿಂದ 40ಕ್ಕಿಂತ ಕೆಳಗಿಳಿದದ್ದು ಹೀಗೆ. ಡಾಲರ್‌ನಲ್ಲಿ ಬಿಲ್ ಮಾಡುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ರೂಪಾಯಿ ಆದಾಯಕ್ಕೆ ಅದರಿಂದ ಪೆಟ್ಟು ಬಿತ್ತು. ಆದೇಶದಿಂದ ಏರಿಸಿದರೆ ರಿವ್ಯಾಲ್ಯುಯೇಷನ್. ಚೀನಾ 2005ರ ಜುಲೈ 21ರಂದು ಡಾಲರ್‌ನ ದರವನ್ನು 8.28 ಯುವಾನ್‌ನಿಂದ 8.11ಕ್ಕೆ ಇಳಿಸಿ ತನ್ನ ಯುವಾನನ್ನು ಬಲಪಡಿಸಿತು. ಸಾವಿರ ಡಾಲರ್ ಗಳಿಸುವ ಚೀನೀ ಕಾರ್ಖಾನೆಗೆ ಒಮ್ಮೆಲೇ 170 ಯುವಾನ್ ಕಡಿಮೆ ಬಂತು.

ಆದರೆ ಆಮೇಲಿನ ಮೂರು ವರ್ಷ ಯುವಾನ್ ದಿನದಿನವೂ ಚೂರುಚೂರೇ ಏರಿ, ಒಂದು ಡಾಲರ್‌ನ ದರ 6.8 ಯುವಾನ್‌ನ ಹತ್ತಿರಕ್ಕೆ ಇಳಿಯಿತು. ಆ ಏರಿಕೆಗೆ ಹೊಸ ಘೋಷಣೆ ಇರಲಿಲ್ಲ, ಪೂರ್ತಿ ಸ್ವತಂತ್ರ ಮಾರುಕಟ್ಟೆಯೂ ಇರಲಿಲ್ಲ. ದರ ದಿನಕ್ಕೆ ಎಷ್ಟು ಅಲ್ಲಾಡಬಹುದು ಎಂಬುದಕ್ಕೆ ಕೇಂದ್ರ ಬ್ಯಾಂಕಿನದೇ ಮಿತಿ ಇತ್ತು. ಹಾಗಾಗಿ ಅದನ್ನು ಅಪ್ರಿಸಿಯೇಷನ್ ಎಂದೇ ಕರೆದರೂ, ಸರ್ಕಾರದ ಕೈ ಅದರಲ್ಲಿ ಇಲ್ಲ ಎನ್ನಲು ಆಗುವುದಿಲ್ಲ.