ಬೈದರೆ ನಗ್ತಾರೆ, ‘ಒಳ್ಳೇದಾಗ್ಲಿ’ ಅಂದರೆ ಬೆಚ್ಚುತ್ತಾರೆ, ಯಾಕೆ?

ಪ್ರಶ್ನೆ: ಮದುವೆಯಾಗಿ ಹೊಳಲ್ಕೆರೆ ಕಡೆಯ ಹಳ್ಳಿಗೆ ಬಂದವಳು ನಾನು. ಮೊಮ್ಮಗ ಕುಣಿದರೆ ನಮ್ಮತ್ತೆ ‘ಇವ್ನ ಮನೆ ಹಾಳಾಗ’ ಅಂತ ಬಾಯಿ ತುಂಬಾ ನಗ್ತಾರೆ. ಅದೇ ಅತ್ತೆ, ಮೊನ್ನೆ ನಲ್ಲಿ ಹತ್ತಿರದ ಜಗಳದಲ್ಲಿ ಪಕ್ಕದ ಮನೆಯಾಕೆ ‘ಆಯ್ತು, ನಿಮಗೆ ಒಳ್ಳೇದಾಗ್ಲಿ ಬಿಡಕ್ಕ’ ಅಂದಿದ್ದಕ್ಕೆ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಬೈಗುಳಕ್ಕೆ ನಗೋದು, ಹರಕೆಗೆ ಹೆದರೋದು, ಇದೇನು ಉಲ್ಟಾ?

ಉತ್ತರ: ಉಲ್ಟಾ ಏನಲ್ಲ. ನಿಮ್ಮತ್ತೆಗೆ ಆ ಎರಡು ಮಾತಿನ ವ್ಯಾಕರಣ ಚೆನ್ನಾಗಿ ಗೊತ್ತು, ಅಷ್ಟೇ.

ಮೊದಲು ‘ಮನೆ ಹಾಳಾಗ’ ಅನ್ನೋದನ್ನೇ ನೋಡೋಣ. ಮೊಮ್ಮಗನ ಮನೆ ಯಾವುದು? ಅಜ್ಜಿಯ ಮನೆಯೇ ಅಲ್ವಾ? ಅಂದರೆ ಅವರು ಶಾಪ ಹಾಕುತ್ತಿರುವುದು ತಾವು ಕೂತಿರುವ ಮನೆಗೇ. ಇದರಲ್ಲಿ ವಿಷ ಇಲ್ಲ ಅಂತ ಹೇಳುವವರಿಗೂ ಕೇಳುವವರಿಗೂ ಗೊತ್ತು. ಮಗುವನ್ನು ಎದುರಿಗೇ ಹೊಗಳಿದರೆ ದೃಷ್ಟಿ ಆಗುತ್ತದೆ ಅನ್ನೋ ಭಯ ನಮ್ಮ ಕಡೆ ಇನ್ನೂ ಇದೆ. ಅದಕ್ಕೇ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ. ‘ಇವ್ನ ಮನೆ ಹಾಳಾಗ, ಎಷ್ಟು ಚೆಂದ ಕುಣೀತಾನೆ’ ಅನ್ನೋದು ಕೂಡ ಬೊಟ್ಟೇ. ಹೊಗಳಿಕೆಗೆ ಇಟ್ಟ ಬೊಟ್ಟು.

ಈಗ ಆ ಮಾತಿನ ಬಾಲ ಗಮನಿಸಿ. ಹಾಳಾಗ, ಹೋಗ, ಬೀಳ, ಬರ, ಉರಿಯ, ಎತ್ತ. ಎಲ್ಲವೂ ‘ಅ’ ಎಂದು ನಿಲ್ಲುತ್ತವೆ. ‘ಹೋಗಬೇಕು, ಬರಬೇಕು’ ಅನ್ನುವಾಗ ಬರುವ ತುಂಡೇ ಇಲ್ಲಿ ಒಂಟಿಯಾಗಿ ನಿಂತಂತೆ ಕಾಣುತ್ತದೆ. ಹರಕೆಯ ಬಾಲ ಬೇರೆ: ಆಗಲಿ, ಇರಲಿ, ಬೆಳೆಯಲಿ. ಹಳಗನ್ನಡದಲ್ಲಿ ಹರಸುವುದಕ್ಕೆ ‘ಗೆ’ ಇತ್ತು, ‘ಸಿರಿಗನ್ನಡಂ ಗೆಲ್ಗೆ’ ಅನ್ನುವಾಗ ಅದು ಈಗಲೂ ನಮ್ಮ ಬಾಯಲ್ಲಿದೆ. ಬೈಗುಳಕ್ಕೆ ಮಾತ್ರ ಈ ‘ಅ’ ಮೀಸಲು. ‘ನಿನಗೆ ಒಳ್ಳೇದಾಗ’ ಅಂತ ಯಾರಾದರೂ ಹರಸಿದ್ದನ್ನು ನಾನಂತೂ ಕೇಳಿಲ್ಲ. ಹೀಗಾಗಿ ದೂರದಿಂದ ಪದ ಸರಿಯಾಗಿ ಕೇಳಿಸದಿದ್ದರೂ, ರಾಗ ಎಳೆದ ‘ಆ...’ ಕೇಳಿಸಿದರೆ ಸಾಕು, ಯಾರೋ ಬೈಯುತ್ತಿದ್ದಾರೆ ಅಂತ ಊರಿಗೆ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ‘ನಿನ್ನ ಹೆಣ ಎತ್ತ’ ಅನ್ನುತ್ತಾರೆ. ಎತ್ತುವವರು ಯಾರು? ‘ನಿನ್ನ ಚಟ್ಟ ಕಟ್ಟ’. ಕಟ್ಟುವವರು ಯಾರು? ಹೇಳುವುದೇ ಇಲ್ಲ. ‘ನಾನು ನಿನ್ನ ಹೆಣ ಎತ್ತುತ್ತೇನೆ’ ಅಂದರೆ ಅದು ಬೆದರಿಕೆ, ಪೊಲೀಸ್ ಸ್ಟೇಷನ್ನಿಗೆ ಹೋಗುವ ಮಾತು. ‘ಎತ್ತ’ ಅಂದರೆ ಕೆಲಸ ಇದೆ, ಮಾಡುವವರಿಲ್ಲ. ಸಿಟ್ಟೆಲ್ಲ ಹೊರಗೆ ಬಂತು, ಹೊಣೆ ಮಾತ್ರ ಯಾರ ತಲೆಗೂ ಬರಲಿಲ್ಲ. ದಿನಕ್ಕೆ ಹತ್ತು ಸಲ ಇಂಥ ಮಾತಾಡಿಯೂ ಒಂದೇ ಓಣಿಯಲ್ಲಿ ಬಾಳಲು ಸಾಧ್ಯವಾಗಿರುವುದು ಇದರಿಂದಲೇ.

ಆದರೆ ಈ ಮಾತುಗಳು ಹುಟ್ಟಿದಾಗ ಹಗುರವಾಗಿರಲಿಲ್ಲ. ‘ಎಕ್ಕುಟ್ಟಿ ಹೋಗ’ ಅನ್ನೋದನ್ನು ಬಿಡಿಸಿ ನೋಡಿ: ಎಕ್ಕ ಹುಟ್ಟಿ ಹೋಗ. ಎಕ್ಕದ ಗಿಡ ಬರುವುದು ಪಾಳು ಜಾಗದಲ್ಲಿ. ಕಸ ಗುಡಿಸುವ, ಸಗಣಿ ಸಾರಿಸುವ, ದೀಪ ಹಚ್ಚುವ ಕೈ ಒಂದಾದರೂ ಇದ್ದರೆ ಮನೆಯೊಳಗೆ ಎಕ್ಕ ಬೆಳೆಯುವುದಿಲ್ಲ. ಅಂದರೆ ಆ ಮನೆಯಲ್ಲಿ ಒಬ್ಬರೂ ಉಳಿಯಬಾರದು ಅಂತ ಅರ್ಥ. ‘ಬಾಯಿಗೆ ಮಣ್ಣು ಬೀಳ’ ಅನ್ನೋದೂ ಹಾಗೇ. ನಮ್ಮ ಕಡೆ ಹೂಳುವ ಪದ್ಧತಿ ಇರುವ ಮನೆಗಳು ಜಾಸ್ತಿ. ಸಾವಿಗೆ ಹೋಗಿ ಬಂದವರು ‘ಮಣ್ಣಿಗೆ ಹೋಗಿದ್ವಿ’ ಅಂತಲೇ ಹೇಳುತ್ತಾರೆ. ಗುಂಡಿಯ ಹತ್ತಿರ ನಿಂತವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ತೀರಾ ನೊಂದ ಹೆಂಗಸು ಬೀದಿಯಲ್ಲಿ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಎದುರು ಮನೆ ಕಡೆ ತೂರಿದರೆ, ಆ ಕೆಲಸವನ್ನು ಮುಂಚೆಯೇ ಮಾಡಿದ ಹಾಗೆ. ಹಿಡಿಶಾಪ ಅನ್ನುವ ಮಾತು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಮುಷ್ಟಿಯೇ. ಈಗ ರಸ್ತೆ ಗುಂಡಿ ಬಿದ್ದರೂ ‘ಸಾರ್ವಜನಿಕರ ಹಿಡಿಶಾಪ’ ಅಂತ ಪೇಪರಿನಲ್ಲಿ ಬರುತ್ತದೆ. ಅದರಲ್ಲಿ ಮಣ್ಣೂ ಇಲ್ಲ, ಹಿಡಿಯೂ ಇಲ್ಲ.

ದಿನಾ ಬಳಸಿ ಬಳಸಿ ಪದ ಸವೆಯಿತು. ಹಾಗಾದರೆ ನಿಜವಾಗಿ ಶಾಪ ಹಾಕಬೇಕಾದವರು ಏನು ಮಾಡಬೇಕು? ಇನ್ನೂ ಜೋರಾಗಿ ಬೈದರೆ ಪ್ರಯೋಜನ ಇಲ್ಲ, ಜೋರು ಬೈಗುಳ ಕೇಳಿ ಕೇಳಿ ಊರಿಗೆ ಅಭ್ಯಾಸ ಆಗಿದೆ. ಆಗ ಬರುವುದೇ ‘ಲಿ’. ನಿಮ್ಮ ಪಕ್ಕದ ಮನೆಯಾಕೆ ಮಾಡಿದ್ದು ಅದನ್ನೇ.

ಗಮನಿಸಿದರೆ ನಿಮಗೂ ಗುರುತು ಸಿಗುತ್ತದೆ. ಜಗಳ ನಡೆಯುವಾಗ ‘ಲೇ, ನೀನು’ ಅಂತ ಇದ್ದದ್ದು ಒಮ್ಮೆಗೇ ‘ನೀವು’ ಆಗುತ್ತದೆ. ಬಿಟ್ಟೇ ಹೋಗಿದ್ದ ‘ಅಕ್ಕ’, ‘ಯಪ್ಪಾ’, ‘ತಾಯಿ’ ವಾಪಸ್ಸು ಬರುತ್ತವೆ. ದನಿ ಇಳಿಯುತ್ತದೆ. ಕೊನೆಯಲ್ಲಿ ‘ಬಿಡು’ ಸೇರುತ್ತದೆ. ಈ ‘ಬಿಡು’ ಬಹಳ ತೂಕದ ಮಾತು. ಬೈಯುವಷ್ಟು ಹೊತ್ತು ಜಗಳ ನಮ್ಮಿಬ್ಬರದು. ನೀನೂ ತಿರುಗಿ ಬೈಯಬಹುದು, ನಾಳೆ ರಾಜಿಯೂ ಆಗಬಹುದು. ‘ಬಿಡು’ ಅಂದ ಕೂಡಲೇ ನಾನು ಆಟದಿಂದ ಹೊರಗೆ ಬಂದೆ, ಲೆಕ್ಕವನ್ನು ಮೇಲಿನವರಿಗೆ ಒಪ್ಪಿಸಿದೆ ಅಂತ. ದಾವಣಗೆರೆ ಕಡೆಯವರಾದರೆ ಹೆಸರು ಹಿಡಿದೇ ಹೇಳುತ್ತಾರೆ: ‘ದುಗ್ಗಮ್ಮ ನೋಡ್ಕೊಳ್ಳಲಿ’. ಹೊರಗಿನವರಿಗೆ ಇದು ಹರಕೆಯ ಹಾಗೆಯೇ ಕೇಳಿಸುತ್ತದೆ. ದೇವಿ ನೋಡಿಕೊಂಡರೆ ಒಳ್ಳೆಯದೇ ಅಲ್ವಾ? ಆದರೆ ತಪ್ಪು ಮಾಡಿದವರನ್ನು ಆಕೆ ಹೇಗೆ ನೋಡಿಕೊಳ್ಳುತ್ತಾಳೆ ಅಂತ ಆ ಮಾತು ಕೇಳಿಸಿಕೊಂಡವರಿಗೆ ಗೊತ್ತು. ಇದಕ್ಕೆ ತಿರುಗಿ ಉತ್ತರ ಕೊಡಲೂ ಆಗುವುದಿಲ್ಲ. ‘ನನಗೆ ಒಳ್ಳೇದು ಯಾಕೆ ಬಯಸಿದೆ’ ಅಂತ ಯಾರ ಹತ್ತಿರ ದೂರು ಹೇಳುತ್ತೀರಿ?

ಇದರಲ್ಲಿ ಅತ್ಯಂತ ಹರಿತವಾದದ್ದು ಅಂದರೆ ನನ್ನ ಪ್ರಕಾರ ಒಂದೇ ವಾಕ್ಯ: ‘ನಿನ್ನ ಮಕ್ಕಳೂ ನಿನ್ನನ್ನ ಹಿಂಗೇ ನೋಡ್ಕೊಳ್ಳಲಿ ಕಣಪ್ಪ’. ತಾಯಿಗೆ ಬಿಸಿ ನೀರು ಕಾಯಿಸಿ ಕೊಡುವ ಮಗನಿಗೆ ಇದು ಹರಕೆ. ತಾಯಿಯನ್ನು ಹದಿನೈದು ದಿನ ಇಲ್ಲಿ, ಹದಿನೈದು ದಿನ ತಮ್ಮನ ಮನೆಯಲ್ಲಿ ಅಂತ ಪಾಲು ಹಾಕಿದ ಮಗನಿಗೆ ಶಾಪ. ಒಂದು ಅಕ್ಷರವೂ ಬದಲಾಗಿಲ್ಲ. ಯಾವುದು ಅಂತ ತೀರ್ಮಾನ ಮಾಡಬೇಕಾದವನು ಕೇಳಿಸಿಕೊಂಡವನೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಮಾತು ಈ ಸೀಮೆಯ ಬಾಯಲ್ಲಿ ಓಡಾಡುವುದಕ್ಕೂ, ಈ ಥರದ ಹರಕೆ ಇಲ್ಲಿ ಚುಚ್ಚುವುದಕ್ಕೂ ಸಂಬಂಧ ಇದೆ ಅಂತ ನನಗನ್ನಿಸುತ್ತದೆ.

ಕೈಸನ್ನೆಯಲ್ಲೂ ಇದೇ ಕಥೆ. ಅಜ್ಜಿ ಮಗುವಿನ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ನೆಟಿಗೆ ಮುರಿದರೆ ದೃಷ್ಟಿ ತೆಗೆದ ಹಾಗೆ. ಜಗಳದಲ್ಲಿ ಎರಡೂ ಕೈ ಹೆಣೆದು, ಎದುರಿನವರ ಕಡೆ ಚಾಚಿ ನೆಟಿಗೆ ಮುರಿದರೆ ಶಾಪ. ಲಟಲಟ ಅನ್ನುವ ಸದ್ದು ಒಂದೇ.

ಈಗ ಒಂದು ಪ್ರಸಂಗ. ನಮ್ಮಜ್ಜಿಯ ಯಾಟೆ ಕೋಳಿಯೊಂದು ಒಂದು ಸಂಜೆ ಮನೆಗೆ ಬರಲಿಲ್ಲ. ಅಜ್ಜಿ ಮಾರನೇ ದಿನ ಬೆಳಿಗ್ಗೆ ಓಣಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಾ ಶುರು ಮಾಡಿದಳು. ‘ನನ್ನ ಕೋಳಿ ತಿಂದೋರ ಹೊಟ್ಟೆ ಉಬ್ಬ. ಹಿಡಿದೋರ ಕೈ ಸೇದಿ ಹೋಗ. ಕಂಡೂ ಸುಮ್ಕಿದ್ದೋರ ಕಣ್ಣು ಹಿಂಗ.’ ಇದರ ಜಾಣತನ ನೋಡಿ. ಒಂದು ಹೆಸರೂ ಇಲ್ಲ. ತಿಂದವರಿಗೆ ಹೊಟ್ಟೆ, ಹಿಡಿದವರಿಗೆ ಕೈ, ನೋಡಿದವರಿಗೆ ಕಣ್ಣು, ಅಂದರೆ ತಪ್ಪು ಮಾಡಿದ ಅಂಗಕ್ಕೇ ಶಿಕ್ಷೆ. ತಿನ್ನದವರಿಗೆ ಏನೂ ಇಲ್ಲ. ಸಿಟ್ಟು ಬಂದು ಯಾರಾದರೂ ‘ಯಾರಿಗೆ ಅಂತಿದ್ದೀ?’ ಅಂತ ಹೊರಗೆ ಬಂದರೆ, ಅವರೇ ಸಿಕ್ಕಿಬಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅದಕ್ಕೇ ಓಣಿಗೆ ಓಣಿಯೇ ಕಿವುಡಾಗಿತ್ತು. ಆದರೂ ನಮ್ಮ ಎದುರು ಮನೆ ಮುಂದೆ ಅಜ್ಜಿಯ ಕಾಲು ಸ್ವಲ್ಪ ನಿಧಾನ ಆಗುತ್ತಿತ್ತು. ಅದು ಎಲ್ಲರಿಗೂ ಕಂಡಿತ್ತು.

ಮೂರು ದಿನ ಹೀಗೆ ನಡೆದು ನಿಂತಿತು. ಮೂರು ವಾರ ಕಳೆದ ಮೇಲೆ, ಹಿತ್ತಲ ರಾಗಿ ಹುಲ್ಲಿನ ಬಣವೆ ಸಂದಿಯಿಂದ ಕೋಳಿ ಎದ್ದು ಬಂತು. ಹಿಂದೆ ಒಂಬತ್ತು ಮರಿ. ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು ಅಷ್ಟೇ, ಮರಿ ಆಗಲು ಇಪ್ಪತ್ತೊಂದು ದಿನ ಬೇಕಲ್ಲ.

‘ಈಗ ನಿನ್ನ ಶಾಪ ಯಾರಿಗಜ್ಜಿ?’ ಅಂತ ನಾನು ಕೇಳಿದೆ. ‘ತಿಂದೋರಿಗೆ ಅಂದಿದ್ದು. ಯಾರೂ ತಿಂದಿಲ್ಲ ಅಂದ ಮೇಲೆ ಯಾರಿಗೂ ತಟ್ಟಲ್ಲ’ ಅಂದಳು. ಆದರೂ ‘ಬಿಡ್ತು, ಬಿಡ್ತು’ ಅಂತ ಎರಡು ಸಲ ಹೇಳಿಕೊಂಡಳು. ಬಾಯಿ ತಪ್ಪಿ ಬಂದ ಕೆಟ್ಟ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಇರುವ ಮಾತು ಅದು. ನುಡಿದಿದ್ದಕ್ಕೆಲ್ಲ ಅಸ್ತು ಅನ್ನುವ ದೇವತೆಗಳು ಓಡಾಡುತ್ತಿರುತ್ತಾರೆ, ಅವರಿಗೆ ಕೇಳಿಸುವ ಮುಂಚೆ ಅನ್ನಬೇಕು ಅಂತ ಲೆಕ್ಕ. ಮೂರು ವಾರ ತಡವಾದರೆ ನಡೆಯುತ್ತದಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಷ್ಟರಲ್ಲಿ ಎದುರು ಮನೆಯಾಕೆ ಬಾಗಿಲಿಗೆ ಬಂದು ನಿಂತಳು. ಕೋಳಿ ನೋಡಿದಳು, ಮರಿ ನೋಡಿದಳು. ‘ಚೆನ್ನಾಗವೆ ಮರಿ. ನಿಮ್ಮ ಮನೆ ತುಂಬಿರ್ಲಿ ಬಿಡಕ್ಕ’ ಅಂದು ಒಳಗೆ ಹೋದಳು. ಕದ ಕೂಡ ಮೆಲ್ಲಗೇ ಹಾಕಿಕೊಂಡಳು.

ಅಜ್ಜಿ ಸ್ವಲ್ಪ ಹೊತ್ತು ಕಟ್ಟೆ ಮೇಲೆ ಸುಮ್ನೆ ಕೂತಿದ್ದಳು. ಆಮೇಲೆ ಎದ್ದು, ಮರಿಗಳಲ್ಲಿ ಎರಡನ್ನು ಸೆರಗಿನಲ್ಲಿ ಹಾಕಿಕೊಂಡು, ಎದುರು ಮನೆ ಕದ ಬಡಿಯಲು ಹೋದಳು.