ಕರಡು ಸ್ಲೈಡ್‌ಗಳೊಂದಿಗೆ ಬಂದ ಮೂರು ಅನುಮಾನಗಳು

ಅಂತರ್ಜಲದ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿರುವ ಕಿರಿಯರು ನನಗೆ ಆಗಾಗ ಕರಡು ಪ್ರೆಸೆಂಟೇಷನ್‌ಗಳನ್ನು ಕಳಿಸುತ್ತಾರೆ. ಬಹುಪಾಲು ಪತ್ರಗಳಲ್ಲಿ ‘ಬಿಡುವಾದಾಗ ಒಮ್ಮೆ ನೋಡಿ ಸರ್’ ಎಂಬ ಒಂದೇ ಸಾಲು ಇರುತ್ತದೆ. ಅಂಥ ಪತ್ರ ಬಂದಾಗ ನಾನು ಕಾಗುಣಿತ ತಿದ್ದಿ, ನಕ್ಷೆಯ ಬಣ್ಣದ ಬಗ್ಗೆ ಒಂದು ಮಾತು ಹೇಳಿ ಕಳಿಸಿಬಿಡುವ ಅಪಾಯವಿರುತ್ತದೆ, ಏಕೆಂದರೆ ಅಳತೆಗಳ ಬಳಿ ನಿಂತವರಿಗೆ ಮಾತ್ರ ಕಾಣುವ ಸಂಶಯ ಸ್ಲೈಡ್ ನೋಡುವವನಿಗೆ ತಾನಾಗಿ ಕಾಣುವುದಿಲ್ಲ. ಕುಡಿಯುವ ನೀರಿನ ಫ್ಲೋರೈಡ್ ಕುರಿತು ಕಿರಿಯ ಎಂಜಿನಿಯರೊಬ್ಬರು ಬರೆದ ಪತ್ರ ಬೇರೆ ಬಗೆಯದಾಗಿತ್ತು. ಊರಿನ ಗುರುತು ಸಿಗದಂತೆ ಅಂಕಿಗಳನ್ನು ತುಸು ಬದಲಿಸಿ, ಅವರ ಒಪ್ಪಿಗೆಯಿಂದ ಅದನ್ನು ಇಲ್ಲಿ ವಿವರಿಸುತ್ತೇನೆ.

‘ಮಾನ್ಯರೇ, ನಮಸ್ಕಾರ. ತಾಲ್ಲೂಕು ಪಂಚಾಯಿತಿ ಸಭೆಗೆ ಸಿದ್ಧಪಡಿಸಿದ 12 ಸ್ಲೈಡ್‌ಗಳ ಕರಡನ್ನು ಲಗತ್ತಿಸಿದ್ದೇನೆ. ಅಳತೆಗಳ ಮೂಲ ಪಟ್ಟಿ ಪ್ರತ್ಯೇಕ ಎಕ್ಸೆಲ್ ಕಡತದಲ್ಲಿದೆ. ತಾವು 4, 6 ಮತ್ತು 9ನೇ ಸ್ಲೈಡ್‌ಗಳನ್ನು ಮಾತ್ರ ನೋಡಿದರೂ ಸಾಕು. ಆ ಮೂರರಲ್ಲಿ ನನ್ನ ತೀರ್ಮಾನವನ್ನು ನಾನೇ ಪೂರ್ತಿ ನಂಬಲಾರೆ’ ಎಂದು ಪತ್ರ ಆರಂಭವಾಗಿತ್ತು. ಮುಂದೆ ಪ್ರತಿ ಅನುಮಾನಕ್ಕೂ ಅವರು ಏನು ಮಾಡಿದ್ದಾರೆ, ಏಕೆ ಸಂಶಯ ಬಂತು, ಸಂಶಯ ನಿಜವಾದರೆ ಸಭೆಗೆ ಹೇಳುವ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಬರೆದಿದ್ದರು. ಮೂಲ ಪಟ್ಟಿಯನ್ನು ಜೊತೆಗಿಟ್ಟಿದ್ದರಿಂದ ನಾನು ಅವರ ಲೆಕ್ಕವನ್ನು ಮರಳಿ ಮಾಡಿ ನೋಡಲು ಸಾಧ್ಯವಾಯಿತು.

ಮೊದಲ ಅನುಮಾನ 4ನೇ ಸ್ಲೈಡಿನದು. ಹತ್ತು ಕೊಳವೆಬಾವಿಗಳ ಫ್ಲೋರೈಡ್ ಸರಾಸರಿ ಲೀಟರಿಗೆ 1.3 ಮಿಲಿಗ್ರಾಂ ಎಂದೂ, ಆದ್ದರಿಂದ ಪಂಚಾಯಿತಿಯ ನೀರು ಮಿತಿಯೊಳಗಿದೆ ಎಂದೂ ಅಲ್ಲಿ ಬರೆದಿತ್ತು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ‘ಏಳು ಬಾವಿಗಳು 0.6ರಿಂದ 1.1ರ ನಡುವೆ ಇವೆ, ಉಳಿದ ಮೂರು 1.6, 2.3 ಮತ್ತು 3.3 ಇವೆ. ಈ ಮೂರನ್ನು ಸರಾಸರಿಯೊಳಗೆ ಸೇರಿಸಿದ್ದು ಸರಿಯೇ?’ ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರ ಪೈಪುಗಳ ನಕ್ಷೆಯಲ್ಲಿದೆ. ಹತ್ತೂ ಬಾವಿಗಳ ನೀರು ಒಂದೇ ಓವರ್‌ಹೆಡ್ ಟ್ಯಾಂಕಿಗೆ ಬಿದ್ದು ಬೆರೆಯುವುದಾದರೆ ಸರಾಸರಿಗೆ ಅರ್ಥವಿದೆ. ಆಗಲೂ ಪ್ರತಿ ಬಾವಿಯಿಂದ ದಿನಕ್ಕೆ ಎತ್ತುವ ನೀರಿನ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಹೆಚ್ಚು ನೀರು ಕೊಡುವ ಬಾವಿ ಟ್ಯಾಂಕನ್ನು ತನ್ನ ಕಡೆಗೆ ಎಳೆಯುತ್ತದೆ. ನಕ್ಷೆ ತರಿಸಿ ನೋಡಿದಾಗ 2.3 ಮತ್ತು 3.3ರ ಎರಡು ಬಾವಿಗಳು ಊರಾಚೆಯ ಕಾಲೊನಿಯ ಮಿನಿ ಟ್ಯಾಂಕಿಗೆ ಮಾತ್ರ ನೀರು ಕೊಡುತ್ತಿದ್ದವು. ಎರಡರಿಂದಲೂ ಸಮನಾಗಿ ನೀರೆತ್ತಿದರೆ ಆ ಮನೆಗಳ ನಲ್ಲಿಯಲ್ಲಿ ಬರುವುದು 2.8. ಅಲ್ಲಿ ಹುಟ್ಟಿ ಬೆಳೆಯುವ ಮಕ್ಕಳ ಶಾಶ್ವತ ಹಲ್ಲುಗಳ ಎನಾಮೆಲ್ ಮೊದಲ ಎಂಟು ವರ್ಷಗಳಲ್ಲಿ ರೂಪುಗೊಳ್ಳುತ್ತದೆ, ಆ ಅವಧಿಯಲ್ಲಿ ಕುಡಿದ ಫ್ಲೋರೈಡ್ ಹಲ್ಲಿನ ಮೇಲೆ ಉಳಿಸುವ ಕಲೆ ಮುಂದೆ ಅಳಿಯುವುದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಪಂಚಾಯಿತಿಯ ಹೆಸರಿನಲ್ಲಿ 1.3 ಎಂದು ತೋರಿಸಿದ್ದರೆ ಈ ಮನೆಗಳು ಸಭೆಯ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಸರಾಸರಿಯನ್ನು ತೆಗೆದು, ಟ್ಯಾಂಕುವಾರು ಮೌಲ್ಯ ಮತ್ತು ಪ್ರತಿ ಟ್ಯಾಂಕಿನ ಮನೆಗಳ ಸಂಖ್ಯೆಯನ್ನು ಹಾಕುವಂತೆ ಹೇಳಿದೆ.

6ನೇ ಸ್ಲೈಡಿನ ಅನುಮಾನ ನನಗೆ ಹೆಚ್ಚು ಹಿಡಿಸಿತು. ಹತ್ತೂ ಬಾವಿಗಳನ್ನು ಫೀಲ್ಡ್ ಕಿಟ್‌ನಲ್ಲಿ ಅಳೆದು, ಮೂರನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿ ಎಲೆಕ್ಟ್ರೋಡ್ ವಿಧಾನದಲ್ಲಿ ಅಳೆದ ಮೌಲ್ಯ ಇರುವ ಕಡೆ ಅದನ್ನೂ, ಇಲ್ಲದ ಕಡೆ ಕಿಟ್ ಮೌಲ್ಯವನ್ನೂ ಒಂದೇ ಕೋಷ್ಟಕದಲ್ಲಿ ಬರೆದಿದ್ದರು. ‘ಒಂದನೇ ಬಾವಿಯಲ್ಲಿ ಕಿಟ್ ಮತ್ತು ಲ್ಯಾಬ್ ಎರಡೂ 0.6 ತೋರಿಸಿವೆ. ಒಂಬತ್ತನೆಯದರಲ್ಲಿ ಕಿಟ್ 1.7, ಲ್ಯಾಬ್ 2.3. ಹತ್ತನೆಯದರಲ್ಲಿ ಕಿಟ್ 1.8, ಲ್ಯಾಬ್ 3.3. ಕಿಟ್ ಕೆಟ್ಟಿದೆಯೇ?’ ಎಂದು ಕೇಳಿದ್ದರು.

ಕಿಟ್ ಕೆಟ್ಟಿರಲಿಲ್ಲ. ಕೆಟ್ಟ ಕಿಟ್ ಕಡಿಮೆ ಮೌಲ್ಯದಲ್ಲೂ ತಪ್ಪು ತೋರಿಸುವ ಸಾಧ್ಯತೆ ಹೆಚ್ಚು. ಇಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ವ್ಯತ್ಯಾಸ ಹಿಗ್ಗುತ್ತಿದೆ. ಇಂಥ ಕಿಟ್‌ಗಳಲ್ಲಿ ಜಿರ್ಕೋನಿಯಂ ಸೇರಿದ ಕೆಂಪು ಬಣ್ಣದ ದ್ರಾವಣವಿರುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ಸೆಳೆದುಕೊಂಡಂತೆ ಬಣ್ಣ ಮಾಸುತ್ತದೆ. ಈ ಮಾಸುವಿಕೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ಫ್ಲೋರೈಡಿಗೆ ಸರಿಯಾದ ಅನುಪಾತದಲ್ಲಿರುತ್ತದೆ. ಅದರಾಚೆ ಫ್ಲೋರೈಡ್ ಎಷ್ಟೇ ಏರಿದರೂ ಬಣ್ಣದಲ್ಲಿ ಆಗುವ ಬದಲಾವಣೆ ಅಲ್ಪ. ನಮಗೆ ಮುಖ್ಯವಾದ 1.5ರ ಗೆರೆ ಇರುವುದೇ ಈ ಅಳತೆ ದುರ್ಬಲಗೊಳ್ಳುವ ಜಾಗದಲ್ಲಿ ಎಂಬುದನ್ನು ಸ್ಥಳದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಲೇಬೇಕು.

ಇದನ್ನು ಪತ್ತೆಮಾಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮಾದರಿಗೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಬೇಕು. ಉತ್ತರ ಮೊದಲಿನ ಅಳತೆಗೆ ಹೊಂದಿದರೆ ಆ ಅಳತೆಯನ್ನು ನಂಬಬಹುದು. ಅದಕ್ಕಿಂತ ಗಣನೀಯವಾಗಿ ಹೆಚ್ಚು ಬಂದರೆ ಮೊದಲಿನದು ಕಿಟ್‌ನ ವ್ಯಾಪ್ತಿ ಮೀರಿತ್ತು ಎಂದರ್ಥ. ಹತ್ತನೇ ಬಾವಿಯಂಥ ನೀರಿಗೆ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ ನಾಲ್ಕರಿಂದ ಗುಣಿಸಬೇಕಾಗುತ್ತದೆ, ಏಕೆಂದರೆ ಅರ್ಧಕ್ಕೆ ಇಳಿಸಿದರೂ ಅದು 1.6ರ ಮೇಲೆಯೇ ಉಳಿಯುತ್ತದೆ. ನಾನು ಇಷ್ಟು ಬರೆದ ಮೇಲೆ ಅವರು ಲ್ಯಾಬಿಗೆ ಹೋಗದೆ ಉಳಿದಿದ್ದ ಎಂಟನೇ ಬಾವಿಯ ನೀರನ್ನು ಹೀಗೆ ಅಳೆದರು. ಕಿಟ್‌ನಲ್ಲಿ 1.6 ಇದ್ದದ್ದು, ಸಮಪಾಲು ಬೆರೆಸಿದಾಗ 1.0 ತೋರಿಸಿತು, ಅಂದರೆ ನಿಜವಾದ ಮೌಲ್ಯ 2.0ರ ಆಸುಪಾಸಿನಲ್ಲಿದೆ. ಮಿತಿಯನ್ನು ಕೂದಲೆಳೆಯಷ್ಟು ದಾಟಿದೆ ಎಂದುಕೊಂಡಿದ್ದ ಬಾವಿ ಸ್ಪಷ್ಟವಾಗಿಯೇ ದಾಟಿತ್ತು. ಆ ಮಾದರಿಯನ್ನು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಲ್ಯಾಬಿಗೂ ಕಳಿಸುವಂತೆ ತಿಳಿಸಿದೆ. ಗಾಜು ಫ್ಲೋರೈಡಿನೊಂದಿಗೆ ವರ್ತಿಸಬಲ್ಲದು.

ಮೂರನೆಯದು 9ನೇ ಸ್ಲೈಡ್: ಒಂಬತ್ತನೇ ಬಾವಿಯಲ್ಲಿ ಹಿಂದಿನ ಮೇ ತಿಂಗಳಲ್ಲಿ 2.9 ಇದ್ದ ಫ್ಲೋರೈಡ್ ನವೆಂಬರಿನಲ್ಲಿ 2.3ಕ್ಕೆ ಇಳಿದಿದೆ, ಇದು ಹೊಸ ಚೆಕ್ ಡ್ಯಾಂನ ಫಲ ಎಂಬ ಹೇಳಿಕೆ. ಎರಡೂ ಲ್ಯಾಬ್ ಅಳತೆಗಳೇ. ಆದರೆ ನಡುವೆ ಒಂದು ಮಳೆಗಾಲ ಕಳೆದಿದೆ ಎಂದು ಅವರೇ ಗುರುತಿಸಿದ್ದರು. ಎಕ್ಸೆಲ್ ಪಟ್ಟಿಯಲ್ಲಿ ಕ್ಲೋರೈಡ್ ಕೂಡ ಇದ್ದದ್ದು ಅನುಕೂಲವಾಯಿತು: ಅದು 160ರಿಂದ 127ಕ್ಕೆ ಇಳಿದಿತ್ತು. ಕ್ಲೋರೈಡ್ ಬಂಡೆಯೊಂದಿಗೆ ವರ್ತಿಸದೆ ನೀರಿನೊಂದಿಗೆ ಸಾಗುತ್ತದೆ. ಎರಡೂ ಐದನೇ ಒಂದರಷ್ಟು ಇಳಿದಿರುವುದರಿಂದ ಹೊಸ ನೀರು ಸೇರಿ ತೆಳುವಾಗಿದೆ ಎನ್ನಬಹುದು. ಆದರೆ ಆ ನೀರು ಚೆಕ್ ಡ್ಯಾಂನಿಂದ ಇಂಗಿದ್ದೇ ಅಥವಾ ನೇರ ಮಳೆಯದೇ ಎಂಬುದನ್ನು ಇದರಿಂದ ಹೇಳಲಾಗದು. ಚೆಕ್ ಡ್ಯಾಂನಿಂದ ಬಹಳ ಮೇಲಿರುವ, ಅದರ ನೀರು ತಲುಪಲಾರದ ಎರಡನೇ ಬಾವಿಯ ಕ್ಲೋರೈಡನ್ನು ನೋಡಿದರೆ ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಕೆಯಿತ್ತು. ಅಣೆಕಟ್ಟಿಗೆ ಶ್ರೇಯ ಕೊಡುವ ವಾಕ್ಯ ಅಲ್ಲಿಗೆ ಬಿದ್ದುಹೋಯಿತು. ಕೆಲವು ಕಡೆ ಮಳೆನೀರು ಮೇಲ್ಪದರದ ಲವಣಗಳನ್ನು ತೊಳೆದು ಕೆಳಗಿಳಿಸುವುದರಿಂದ ಮಳೆಗಾಲದ ನಂತರ ಫ್ಲೋರೈಡ್ ಏರುವುದೂ ಉಂಟು. ಆದ್ದರಿಂದ ಮೇ ತಿಂಗಳನ್ನು ಮೇ ತಿಂಗಳಿನೊಂದಿಗೆ ಮಾತ್ರ ಹೋಲಿಸಬೇಕು.

ತಿದ್ದಿದ ಪ್ರತಿಯಲ್ಲಿ 9ನೇ ಸ್ಲೈಡ್ ಇರಲಿಲ್ಲ. ಅದರ ಜಾಗದಲ್ಲಿ ಎರಡು ಬೇಡಿಕೆಗಳಿದ್ದವು: ಕಾಲೊನಿಯ ಮಿನಿ ಟ್ಯಾಂಕಿಗೆ 0.7ರ ಮೂರನೇ ಬಾವಿಯಿಂದ ಪೈಪ್ ಎಳೆಯುವುದು, ಮತ್ತು ಬರುವ ಮೇ ತಿಂಗಳಲ್ಲಿ ಹತ್ತೂ ಬಾವಿಗಳ ಮಾದರಿಯನ್ನು ಲ್ಯಾಬಿಗೆ ಕಳಿಸಲು ಹಣ ಮಂಜೂರು ಮಾಡುವುದು.